ಕುಂಡದ ಕೆಳಗೆ ಎರಡು ಇಟ್ಟಿಗೆ

ತಾರಸಿಯಲ್ಲಿ ಕುಂಡಗಳನ್ನು ನೆಲಕ್ಕೆ ತಾಗಿಸಿ ಇಡಬೇಡಿ. ಪ್ರತಿಯೊಂದರ ಕೆಳಗೆ ಎರಡು ಇಟ್ಟಿಗೆ ಇಡಿ, ತಳದ ತೂತು ಮಾತ್ರ ಮುಚ್ಚಬಾರದು. ಏಪ್ರಿಲ್‌ನಲ್ಲಿ ಕಾದ ಕಾಂಕ್ರೀಟಿನ ಬಿಸಿ ನೇರವಾಗಿ ಬೇರಿಗೆ ತಟ್ಟುವುದಿಲ್ಲ, ಜೂನ್‌ನಲ್ಲಿ ಮುಂಗಾರು ಹಿಡಿದಾಗ ಹೆಚ್ಚಿನ ನೀರು ಸಲೀಸಾಗಿ ಇಳಿದು ಹೋಗುತ್ತದೆ. ಮಳೆಗಾಲದಲ್ಲಿ ಟೊಮೆಟೊ, ಮೆಣಸಿನ ಗಿಡ ಸಾಯುವುದು ಜಾಸ್ತಿ ನೀರು ನಿಂತು ಬೇರು ಕೊಳೆತೇ ಅಲ್ವಾ? ಮಣ್ಣು ಒದ್ದೆ ಇದ್ದೂ ಎಲೆ ಬಾಡಿದರೆ ಈ ಅನುಮಾನವೇ ಮೊದಲು ಬರಲಿ. ಬಾಡಿದೆ ಅಂತ ದಯವಿಟ್ಟು ಇನ್ನಷ್ಟು ನೀರು ಹಾಕಬೇಡಿ. ಆದರೆ ಬರೀ ಕೆಂಪುಮಣ್ಣು ತುಂಬಿದ್ದರೆ ಇಟ್ಟಿಗೆಯಿಂದ ಪ್ರಯೋಜನವಿಲ್ಲ, ಅದು ಗಟ್ಟಿಯಾಗಿ ನೀರು ಮೇಲೆಯೇ ನಿಲ್ಲುತ್ತದೆ. ಮೇ ಕೊನೆಯಲ್ಲಿ, ಸಸಿ ನೆಡುವ ಮೊದಲೇ, ಮಣ್ಣು, ಕೋಕೋಪೀಟ್, ಹಳೆಯ ಕೊಟ್ಟಿಗೆ ಗೊಬ್ಬರ ಮೂರನ್ನೂ ಸಮಪಾಲು ಬೆರೆಸಿ ತುಂಬಿ.