ಪೀಸ್ ಲೆಕ್ಕ, ಅಡ್ವಾನ್ಸ್ ಲೆಕ್ಕ: ನನ್ನ ಒಂದು ತಿಂಗಳ ಬಟವಾಡೆ

ದಾವಣಗೆರೆಯ ಒಂದು ಲೇಡೀಸ್ ಟೈಲರ್ ಅಂಗಡಿಯಲ್ಲಿ ನಾನು ಹೊಲಿಗೆ ಕೆಲಸ ಮಾಡುತ್ತೇನೆ. ಅಳತೆ, ಕಟಿಂಗ್ ಎಲ್ಲ ಮಾಸ್ಟರ್ ಕೈಯಲ್ಲಿ. ಮಿಷನ್ ಮೇಲಿನ ಹೊಲಿಗೆ ನನ್ನದು. ಹೆಮ್ಮಿಂಗ್, ಹುಕ್ಕು, ಐರನ್ ಕೈಕೆಲಸದ ಅಕ್ಕನದು. ನನಗೆ ತಿಂಗಳ ಸಂಬಳ ಇಲ್ಲ. ಎಷ್ಟು ಪೀಸ್ ಹೊಲಿದೆನೋ ಅಷ್ಟಕ್ಕೆ ದುಡ್ಡು. ಸಾದಾ ಬ್ಲೌಸ್‌ಗೆ 60, ಲೈನಿಂಗ್ ಬ್ಲೌಸ್‌ಗೆ 130, ಚೂಡಿದಾರ್ ಸೆಟ್‌ಗೆ 160, ಸೀರೆಗೆ ಫಾಲ್ ಮತ್ತು ಜಿಗ್‌ಜಾಗ್ ಹಾಕಿದರೆ 25 ರೂಪಾಯಿ. ಆಲ್ಟರ್ ಬಂದರೆ ದುಡ್ಡಿಲ್ಲ. ಗಿರಾಕಿ ಅಂಗಡಿಗೆ ಕೊಡುವುದು ಇದಕ್ಕಿಂತ ಎಷ್ಟೋ ಜಾಸ್ತಿ. ಆದರೆ ಅಂಗಡಿ ಬಾಡಿಗೆ, ಕರೆಂಟು, ದಾರ, ಲೈನಿಂಗ್ ಬಟ್ಟೆ ಎಲ್ಲ ಮಾಸ್ಟರ್ ಮೇಲಿದೆ.

ಪೀಸ್ ಲೆಕ್ಕದಲ್ಲಿ ದುಡಿಯುವವರಿಗೆ ತಿಂಗಳ ಕೊನೆಯ ದಿನ ಪೂರ್ತಿ ದುಡ್ಡು ಒಟ್ಟಿಗೆ ಕೈಗೆ ಬರುವುದಿಲ್ಲ. ವಾರ ವಾರ ಖರ್ಚಿಗೆ ಅಂತ ತೆಗೆದುಕೊಂಡಿರುತ್ತೇವೆ. ಅದರ ಮೇಲೆ ಕಷ್ಟಕ್ಕೆ ಅಂತ ತೆಗೆದುಕೊಂಡ ದೊಡ್ಡ ಅಡ್ವಾನ್ಸ್ ಬೇರೆ ಇರುತ್ತದೆ. ಹಾಗಾಗಿ ಬಟವಾಡೆ ದಿನ ಸಿಗುವ ನೋಟು ನೋಡಿ ದುಡಿಮೆ ಎಷ್ಟಾಯಿತು ಅಂತ ಹೇಳಲು ಆಗುವುದಿಲ್ಲ. ಅದಕ್ಕೇ ನಾನು ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಅದರಲ್ಲಿ ಲೆಕ್ಕ ಹೇಗೆ ಹಿಡಿಯುತ್ತೇನೆ ಅಂತ ಒಂದು ಆಗಸ್ಟ್ ತಿಂಗಳ ಲೆಕ್ಕವನ್ನೇ ಇಟ್ಟುಕೊಂಡು ಹೇಳುತ್ತೇನೆ. ಆಗ ಶ್ರಾವಣ. ವರಮಹಾಲಕ್ಷ್ಮಿ ಹಬ್ಬದ ಹಿಂದೆ ಮುಂದೆ ಮಿಷನ್ ಬಿಟ್ಟು ಏಳಲು ಪುರುಸೊತ್ತು ಇರುವುದಿಲ್ಲ.

ನನ್ನ ನೋಟ್‌ಬುಕ್ಕಿನಲ್ಲಿ ಒಂದು ಪೀಸ್‌ಗೆ ಒಂದು ಸಾಲು. ಮೊದಲು ಬಿಲ್ ನಂಬರ್, ಆಮೇಲೆ ಯಾವ ಕೆಲಸ ಅಂತ. ಪಕ್ಕದಲ್ಲಿ ಅದೇ ಬಟ್ಟೆಯ ಕಟಿಂಗ್ ಚೂರು, ಉಗುರಿನಷ್ಟು ಅಗಲದ್ದು, ಗುಂಡುಪಿನ್ನಿನಿಂದ ಚುಚ್ಚಿರುತ್ತೇನೆ. ಈ ಚೂರು ತುಂಬಾ ಕೆಲಸಕ್ಕೆ ಬರುತ್ತದೆ. ಬಟ್ಟೆಗೆ ಚುಚ್ಚಿದ ಬಿಲ್ ಚೀಟಿ ಹೊಲಿಯುವಾಗ ಎಲ್ಲೋ ಬಿದ್ದುಹೋಗುತ್ತದೆ. ಹಬ್ಬದ ಸಮಯದಲ್ಲಿ ಒಂದೇ ಥರದ ಹಸಿರು ಬ್ಲೌಸ್ ನಾಲ್ಕಾರು ಇರುತ್ತವೆ. ಚೂರು ಹಿಡಿದು ನೋಡಿದರೆ ಯಾರದ್ದು ಯಾವುದು ಅಂತ ತಕ್ಷಣ ಗೊತ್ತಾಗುತ್ತದೆ.

ಸಾಲಿನ ಕೊನೆಗೆ ಎರಡು ಟಿಕ್‌ಗೆ ಜಾಗ ಬಿಟ್ಟಿರುತ್ತೇನೆ. ಪೀಸ್ ಮಿಷನ್ನಿಂದ ಇಳಿದರೆ ಒಂದು ಟಿಕ್. ಅಕ್ಕ ಹುಕ್ಕು ಹಾಕಿ, ಐರನ್ ಆಗಿ, ಕವರಿಗೆ ಹೋದ ಮೇಲೆ ಇನ್ನೊಂದು. ಯಾಕೆಂದರೆ ಮಾಸ್ಟರ್ ಲೆಕ್ಕಕ್ಕೆ ಹಿಡಿಯುವುದು ಕವರಿಗೆ ಹೋದ ಪೀಸ್ ಮಾತ್ರ. ನನ್ನ ಕೆಲಸ ಮುಗಿದಿದ್ದರೂ ಅಕ್ಕನ ಹತ್ತಿರ ಉಳಿದಿದ್ದರೆ ಅದು ಅವರ ಪಟ್ಟಿಯಲ್ಲಿ ಬರುವುದಿಲ್ಲ. ಹೊಸದಾಗಿ ಸೇರಿದವರು ಹೆಚ್ಚಾಗಿ ಜಗಳ ಆಡುವುದು ಇಲ್ಲೇ. ಇಬ್ಬರೂ ಸರಿಯಾಗೇ ಎಣಿಸಿರುತ್ತಾರೆ. ಆದರೆ ಎಣಿಸಿದ ಜಾಗ ಬೇರೆ ಬೇರೆ.

ಆಗಸ್ಟ್ ಕೊನೆಯ ರಾತ್ರಿ ಮನೆಯಲ್ಲಿ ಕೂತು ಮೊದಲ ಟಿಕ್ ಇದ್ದ ಸಾಲುಗಳನ್ನೆಲ್ಲ ಎಣಿಸಿದೆ. ಸಾದಾ ಬ್ಲೌಸ್ 42, ಅಂದರೆ 2,520 ರೂಪಾಯಿ. ಲೈನಿಂಗ್ ಬ್ಲೌಸ್ 68, ಅದಕ್ಕೆ 8,840. ಚೂಡಿದಾರ್ ಸೆಟ್ 17, ಅದು 2,720. ಫಾಲ್ ಹಾಕಿದ ಸೀರೆ 30, ಅದು 750. ಎಲ್ಲ ಕೂಡಿದರೆ 14,830. ಆ ತಿಂಗಳ ನನ್ನ ದುಡಿಮೆ ಇದು. ಇದರ ಕೆಳಗೆ ದಪ್ಪ ಗೆರೆ ಎಳೆಯುತ್ತೇನೆ. ಅಡ್ವಾನ್ಸಿನ ಮಾತು ಏನಿದ್ದರೂ ಗೆರೆಯ ಕೆಳಗೆ.

ಲೈನಿಂಗ್ ಬ್ಲೌಸ್ ಬಗ್ಗೆ ಒಂದು ಮಾತು ಇಲ್ಲೇ ಹೇಳಬೇಕು. ರೇಟ್ ನೋಡಿದರೆ ಸಾದಾ ಬ್ಲೌಸಿನ ಎರಡು ಪಟ್ಟಿಗಿಂತ ಜಾಸ್ತಿ ಅಲ್ವಾ? ಆದರೆ ಒಳಬಟ್ಟೆಯನ್ನು ಮೇಲಿನ ಬಟ್ಟೆಗೆ ಸುಕ್ಕು ಬರದ ಹಾಗೆ ಕೂಡಿಸಬೇಕು. ಟಕ್ಸ್ ಎರಡೂ ಪದರದಲ್ಲಿ ಒಂದೇ ಕಡೆ ಕೂರಬೇಕು. ಕುತ್ತಿಗೆ ತಿರುಗಿಸಿ ಹೊಲಿಯಬೇಕು. ರೇಷ್ಮೆ ಆದರೆ ಒಮ್ಮೆ ಬಿಚ್ಚಿದರೆ ಸೂಜಿ ತೂತು ಹಾಗೇ ಕಾಣುತ್ತದೆ, ಹಾಗಾಗಿ ಓಡಿಸಿ ಹೊಲಿಯಲು ಆಗುವುದಿಲ್ಲ. ನನಗೆ ಒಂದಕ್ಕೆ ಹತ್ತಿರ ಹತ್ತಿರ ಎರಡು ಗಂಟೆ ಬೇಕು. ಸಾದಾ ಬ್ಲೌಸ್ ಮುಕ್ಕಾಲು ಗಂಟೆಯಲ್ಲಿ ಇಳಿಯುತ್ತದೆ. ಅಂದರೆ ಗಂಟೆಗೆ ಸಾದಾದಲ್ಲಿ 80 ರೂಪಾಯಿ, ಲೈನಿಂಗ್‌ನಲ್ಲಿ 65. ಬರೀ ತಿಂಗಳ ಮೊತ್ತ ನೋಡಿದರೆ ಇದು ತಿಳಿಯುವುದೇ ಇಲ್ಲ. ನನ್ನ ಪ್ರಕಾರ ಲೈನಿಂಗ್‌ಗೆ 160 ಆದರೂ ಇರಬೇಕು. ಈ ಗಂಟೆ ಲೆಕ್ಕವನ್ನು ಮಾಸ್ಟರ್‌ಗೆ ತೋರಿಸಿದ್ದೇನೆ. ದೀಪಾವಳಿ ಆದ ಮೇಲೆ ನೋಡೋಣ ಅಂದಿದ್ದಾರೆ.

ಈಗ ಗೆರೆಯ ಕೆಳಗಿನ ಲೆಕ್ಕ. ಅಡ್ವಾನ್ಸ್ ಅಂತ ಎಲ್ಲರೂ ಒಂದೇ ಹೆಸರಲ್ಲಿ ಕರೆದರೂ ಅದರಲ್ಲಿ ಎರಡು ಥರ ಇದೆ. ಎರಡಕ್ಕೂ ಬೇರೆ ಬೇರೆ ಪುಟ ಇಡಬೇಕು. ಒಂದು ವಾರದ ಖರ್ಚು. ಶನಿವಾರ ಮಾಸ್ಟರ್ 1,000 ಕೊಡುತ್ತಾರೆ. ಆ ದುಡ್ಡು ಆ ವಾರ ನಾನು ಹೊಲಿದು ಮುಗಿಸಿದ ಪೀಸ್‌ಗಳದ್ದೇ, ಬೇಗ ಕೈಗೆ ಬಂತು ಅಷ್ಟೆ. ಅದು ಅದೇ ತಿಂಗಳ ದುಡಿಮೆಯಲ್ಲಿ ಪೂರ್ತಿ ವಜಾ ಆಗಬೇಕು. ಆಗಸ್ಟ್‌ನಲ್ಲಿ ಹೀಗೆ ನಾಲ್ಕು ಸಲ ತೆಗೆದುಕೊಂಡಿದ್ದೆ. ಹಬ್ಬಕ್ಕೆ ಅಂತ ಮಧ್ಯದಲ್ಲಿ 1,500. ಒಟ್ಟು 5,500.

ಇನ್ನೊಂದು ಸಾಲ. ಆಷಾಢದಲ್ಲಿ ತಂಗಿಯ ಕಾಲೇಜು ಫೀಸಿಗೆ 6,000 ಕೇಳಿ ತೆಗೆದುಕೊಂಡಿದ್ದೆ. ಆಷಾಢದಲ್ಲಿ ಮದುವೆ ಇರುವುದಿಲ್ಲ, ಹೊಸ ಬಟ್ಟೆಗೆ ಅಳತೆ ಕೊಡಲು ಬರುವವರೂ ಕಡಿಮೆ. ನನ್ನ ದುಡಿಮೆ 7,000ದ ಹತ್ತಿರಕ್ಕೆ ಇಳಿದುಬಿಡುತ್ತದೆ. ಅದರಲ್ಲಿ ವಾರದ ಖರ್ಚು ಹೋದರೆ ತಿಂಗಳ ಕೊನೆಗೆ ಉಳಿಯುವುದು 3,000. ಅದಕ್ಕೇ ಸಾಲ ಕೇಳುವಾಗಲೇ ಹೇಳಿದ್ದೆ: ತಿಂಗಳಿಗೆ 2,000 ಮುರಿದುಕೊಳ್ಳಿ, ಮೂರು ತಿಂಗಳಲ್ಲಿ ಚುಕ್ತಾ ಮಾಡುತ್ತೇನೆ. ಕಂತು ಗೊತ್ತು ಮಾಡುವಾಗ ನಾನು ನೋಡುವುದು ಕೆಲಸ ಕಡಿಮೆ ಇರುವ ತಿಂಗಳನ್ನು. ಒಳ್ಳೆಯ ತಿಂಗಳು ನೋಡಿ ದೊಡ್ಡ ಕಂತು ಒಪ್ಪಿಕೊಂಡರೆ ಮುಂದಿನ ತಿಂಗಳು ಮನೆ ಬಾಡಿಗೆಗೆ ಮತ್ತೆ ಮಾಸ್ಟರ್ ಮುಂದೆಯೇ ಕೈ ಚಾಚಬೇಕಾಗುತ್ತದೆ.

14,830ರಲ್ಲಿ 5,500 ಖರ್ಚು, 2,000 ಕಂತು ಕಳೆದರೆ ನನ್ನ ಲೆಕ್ಕದಲ್ಲಿ ಬಾಕಿ ಬರಬೇಕಾದ್ದು 7,330.

ಬಟವಾಡೆ ದಿನ ಮಾಸ್ಟರ್ ಚೀಟಿ ಕೊಟ್ಟರು. ಅದರಲ್ಲಿ ಇದ್ದದ್ದು 5,920.

"ಮಾಸ್ಟ್ರೇ, ನನ್ನ ಲೆಕ್ಕಕ್ಕೂ ನಿಮ್ಮದಕ್ಕೂ 1,410 ವ್ಯತ್ಯಾಸ ಬರ್ತಿದೆ" ಅಂದೆ.

"ನಾನು ಪುಸ್ತಕ ನೋಡಿನೇ ಬರೆದಿರೋದಮ್ಮ" ಅಂದರು.

ಇಂಥ ಸಮಯದಲ್ಲಿ ನಾನು ಒಟ್ಟು ಮೊತ್ತದ ಮೇಲೆ ವಾದ ಮಾಡುವುದಿಲ್ಲ. ವ್ಯತ್ಯಾಸವನ್ನೇ ಒಡೆದು ನೋಡುತ್ತೇನೆ. ಮೊದಲು ಗೆರೆಯ ಮೇಲಿನ ಮೊತ್ತ ಎಷ್ಟು ಅಂತ ಕೇಳಿದೆ. ಅವರದ್ದು 13,920, ನನ್ನದು 14,830. ಅಲ್ಲಿ 910 ಕಡಿಮೆ ಇದೆ. ಉಳಿದ 500 ಹಾಗಾದರೆ ಅಡ್ವಾನ್ಸ್ ಕಡೆ ಇರಬೇಕು. ಒಂದು ಗೊಂದಲ ಎರಡು ಸಣ್ಣ ಪ್ರಶ್ನೆ ಆಯಿತು.

910 ಅನ್ನು ನಮ್ಮ ರೇಟ್‌ಗಳಿಂದ ಭಾಗಿಸಿ ನೋಡಿದೆ. 60ಕ್ಕೆ ಸರಿಯಾಗಿ ಕೂರುವುದಿಲ್ಲ, 160ಕ್ಕೂ ಕೂರುವುದಿಲ್ಲ. 130ಕ್ಕೆ ಸರಿಯಾಗಿ ಏಳು ಸಲ. ಅಂದರೆ ಏಳು ಲೈನಿಂಗ್ ಬ್ಲೌಸ್. ನೋಟ್‌ಬುಕ್ ತೆಗೆದು ಒಂದೇ ಟಿಕ್ ಇದ್ದ ಲೈನಿಂಗ್ ಸಾಲು ಹುಡುಕಿದೆ. ಸರಿಯಾಗಿ ಏಳೇ ಇದ್ದವು. ಅಕ್ಕನ ಬುಟ್ಟಿಯಲ್ಲಿ ಚೂರು ಹಿಡಿದು ಹುಡುಕಿದೆವು. ಎಲ್ಲವೂ ಅಲ್ಲೇ ಇದ್ದವು. ಒಂದಕ್ಕೆ ತೋಳಿನ ಹೆಮ್ಮಿಂಗ್ ಬಾಕಿ, ಉಳಿದವಕ್ಕೆ ಹುಕ್ಕು ಬಾಕಿ. ಗೌರಿ ಹಬ್ಬದ ಅವಸರದಲ್ಲಿ ಮೊದಲು ಬೇಕಾದವನ್ನು ಮುಗಿಸಿ ಇವನ್ನು ಪಕ್ಕಕ್ಕೆ ಇಟ್ಟಿದ್ದರು. ನಮ್ಮಲ್ಲಿ ಮೊದಲೇ ಮಾತಾದ ಪದ್ಧತಿ ಪ್ರಕಾರ ಇವು ಸೆಪ್ಟೆಂಬರ್ ಲೆಕ್ಕಕ್ಕೆ ಹೋಗಬೇಕು, ಅದಕ್ಕೆ ನನ್ನ ತಕರಾರು ಇರಲಿಲ್ಲ. ಆದರೆ ಮುಂದಿನ ತಿಂಗಳು ಇವನ್ನು ಯಾರೂ ಮರೆಯಬಾರದು. ಹಾಗಾಗಿ ಏಳೂ ಬಿಲ್ ನಂಬರನ್ನು ಮಾಸ್ಟರ್ ಪುಸ್ತಕದಲ್ಲಿ ಸೆಪ್ಟೆಂಬರ್ ಪುಟದ ಮೇಲೇ ಬರೆಸಿದೆ.

ಇನ್ನು 500. ಅವರ ಪುಸ್ತಕದಲ್ಲಿ ನನ್ನ ಹೆಸರಿನ ಕೆಳಗೆ ಖರ್ಚು 6,000 ಅಂತ ಇತ್ತು. ತಾರೀಕು ತಾರೀಕು ಕೂಡಿ ಓದಿದೆವು. ಶನಿವಾರದ ನಾಲ್ಕೂ ಸಾವಿರ ಸರಿಯಾಗಿ ಸಿಕ್ಕವು, ಅವು ಫೋನಿಗೆ ಹಾಕಿದ್ದು, ಇಬ್ಬರ ಫೋನಿನಲ್ಲೂ ಇದೆ. ಹಬ್ಬದ 1,500 ಕೂಡ ಇತ್ತು. ಅದಾದ ಮೇಲೆ ಒಂದು ಮಂಗಳವಾರ 500, ನಗದು. ಆ ದಿನ ಲೈನಿಂಗ್ ಬಟ್ಟೆ ಮತ್ತು ದಾರದ ಉಂಡೆ ಮುಗಿದಿದ್ದವು. ಮಾಸ್ಟರ್ ಗಲ್ಲಾದಿಂದ 500 ಕೊಟ್ಟು ತಂದುಬಿಡು ಅಂದಿದ್ದರು. ನಾನು ತಂದು, ಅಂಗಡಿ ಬಿಲ್ ಮತ್ತು ಉಳಿದ ಚಿಲ್ಲರೆ ಗಲ್ಲಾದ ಮೇಲೆ ಇಟ್ಟಿದ್ದೆ. ದುಡ್ಡು ನನ್ನ ಕೈಗೆ ಕೊಟ್ಟಿದ್ದರಿಂದ ನನ್ನ ಹೆಸರಿಗೆ ಬರೆದುಕೊಂಡಿದ್ದರು. ಸಾಮಾನು ತರಲು ಕೊಟ್ಟ ದುಡ್ಡು ಹೀಗೆ ಅಡ್ವಾನ್ಸ್ ಜೊತೆ ಸೇರಿಹೋಗುವುದು ಸಣ್ಣ ಅಂಗಡಿಗಳಲ್ಲಿ ಸಾಮಾನ್ಯ. ಸಾಮಾನಿನ ಬಿಲ್ಲುಗಳನ್ನು ಚುಚ್ಚಿಟ್ಟ ತಂತಿಯಲ್ಲಿ ಹುಡುಕಿದಾಗ ಅದೇ ತಾರೀಕಿನ ಬಿಲ್ ಸಿಕ್ಕಿತು.

"ಹೌದಲ್ವಾ, ಅದು ಅಂಗಡಿ ಖರ್ಚು" ಅಂತ ಮಾಸ್ಟರ್ ಆ ಸಾಲು ಹೊಡೆದುಹಾಕಿದರು. ಈಗ ನಾನು ಇಂಥ ದುಡ್ಡು ತೆಗೆದುಕೊಂಡಾಗ ನನ್ನ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ "ಸಾಮಾನಿಗೆ" ಅಂತ ಬರೆದು, ವಾಪಸ್ ಲೆಕ್ಕ ಕೊಟ್ಟ ತಕ್ಷಣ ಅವರ ಸಣ್ಣ ಸಹಿ ಹಾಕಿಸಿಕೊಳ್ಳುತ್ತೇನೆ.

ಲೆಕ್ಕ ಸರಿಯಾದ ಮೇಲೆ ಅವರು ಇನ್ನೊಂದು ಮಾತು ತೆಗೆದರು. "ಈ ತಿಂಗಳು ಚೆನ್ನಾಗಿ ದುಡಿದಿದ್ದೀಯ. ಆ ಆರು ಸಾವಿರ ಪೂರ್ತಿ ಮುರಿದುಬಿಡಲಾ? ನಿನಗೂ ತಲೆನೋವು ಇರಲ್ಲ."

ನಾನು ಅಲ್ಲೇ ಅವರ ಚೀಟಿ ಹಿಂದೆ ಬರೆದು ತೋರಿಸಿದೆ. 13,920ರಲ್ಲಿ 5,500 ಹೋದರೆ 8,420. ಅದರಲ್ಲಿ 6,000 ಹೋದರೆ ಕೈಗೆ 2,420. ನಮ್ಮ ಮನೆ ಬಾಡಿಗೆಯೇ 3,500. ಬಾಡಿಗೆಗೆ ಮತ್ತೆ ನಿಮ್ಮ ಹತ್ತಿರವೇ ಕೇಳಬೇಕಾಗುತ್ತದೆ, ಆಗ ಹಳೆಯ ಸಾಲ ತೀರಿಸಲು ಹೊಸ ಸಾಲ ಮಾಡಿದ ಹಾಗಾಗುತ್ತದೆ ಅಂದೆ. ಅವರು ಅಂಕಿ ನೋಡಿ, ಆಯ್ತಮ್ಮ, ಮಾತಿನ ಪ್ರಕಾರವೇ ಆಗಲಿ ಅಂದರು.

ಕೊನೆಗೆ 13,920ರಲ್ಲಿ 5,500 ಮತ್ತು 2,000 ಕಳೆದು 6,420 ಕೈಗೆ ಬಂತು. ಚೀಟಿ ಕೆಳಗೆ ಇಬ್ಬರೂ ಸಹಿ ಹಾಕಿ, ನಾನು ಅದರ ಫೋಟೋ ತೆಗೆದುಕೊಂಡೆ. ನನ್ನ ಸೆಪ್ಟೆಂಬರ್ ಪುಟದ ಮೇಲೆ ಎರಡು ಸಾಲು ಬರೆದೆ: ಹಿಂದಿನ ತಿಂಗಳ ಲೈನಿಂಗ್ ಬ್ಲೌಸ್ ಏಳು, ಬರಬೇಕಾದ್ದು 910. ಸಾಲದ ಬಾಕಿ 4,000, ಕಂತು ಎರಡು.