ಬಯೋ ಓದಿದರೆ ನೀವು ಕಾಣಬೇಕು, ಹುದ್ದೆ ಅಲ್ಲ

ನನ್ನ ಗೆಳತಿ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಪೇರೋಲ್ ನೋಡಿಕೊಳ್ಳುತ್ತಾಳೆ. ಅವಳ ಲಿಂಕ್ಡ್‌ಇನ್ ಬಯೋ ನೋಡಿದ ಇಬ್ಬರು ರಿಕ್ರೂಟರ್‌ಗಳು, ‘ಇದು ಕೆಲಸಕ್ಕೆ ಕರೆದ ಜಾಹೀರಾತಿನ ಹಾಗಿದೆ’ ಅಂದರಂತೆ. ಅದರಲ್ಲಿ ಇದ್ದದ್ದು ಇಷ್ಟು: ‘ಪೇರೋಲ್ ಜವಾಬ್ದಾರಿ, ಪಿಎಫ್, ಇಎಸ್‌ಐ ನಿರ್ವಹಣೆ, ವರದಿ ತಯಾರಿ.’

ಒಂದು ಪರೀಕ್ಷೆ ಮಾಡಿ. ಪಕ್ಕದ ಸೀಟಿನವರ ಹೆಸರು ಹಾಕಿದರೂ ನಿಮ್ಮ ಬಯೋ ಹೊಂದುತ್ತಾ? ಹಾಗಿದ್ದರೆ ಅದರಲ್ಲಿ ನೀವಿಲ್ಲ.

ನಾನು ಅವಳಿಗೆ ಕೇಳಿದ್ದು ಒಂದೇ: ‘ನೀನು ಸೇರಿದಾಗ ಅಲ್ಲಿ ಏನು ಸರಿ ಇರಲಿಲ್ಲ?’ ಅವಳು ಮಾತಾಡ್ತಾ ಹೋದಳು, ನಾನು ಬರೆದುಕೊಂಡೆ. ಆಮೇಲೆ ಬಯೋ ಹೀಗೆ ಶುರುವಾಯಿತು:

‘400 ಜನರ ಸಂಬಳ ಲೆಕ್ಕ ಹಾಕುತ್ತೇನೆ. ಬಂದ ಹೊಸದರಲ್ಲಿ ಓವರ್‌ಟೈಮ್ ತಪ್ಪಿದೆ ಅಂತ ತಿಂಗಳಿಗೆ 30 ದೂರು ಬರುತ್ತಿದ್ದವು. ಸೂಪರ್‌ವೈಸರ್‌ಗಳ ಜೊತೆ ಕೂತು, ಹಾಜರಿ ಪಟ್ಟಿ 25ನೇ ತಾರೀಕಿಗೇ ಕೈಸೇರುವ ಹಾಗೆ ಮಾಡಿದೆ. ಈಗ ನಾಲ್ಕೈದು ಬಂದರೆ ಜಾಸ್ತಿ. ಟೈಲರ್ ಅಕ್ಕಂದಿರಿಗೆ ಪೇಸ್ಲಿಪ್ ಬಿಡಿಸಿ ಹೇಳುವುದು ನನಗಿಷ್ಟದ ಕೆಲಸ.’

ಕೊನೆಯ ವಾಕ್ಯ ಬೇಡ ಅಂದಳು. ನಾನು ಬಿಡಲಿಲ್ಲ, ಅವಳ ಗುಣ ಕಾಣೋದೇ ಅಲ್ಲಿ ಅಲ್ವಾ?

ನಿಮ್ಮ ಬಯೋದಲ್ಲೂ ನೀವು ಏನು ಸರಿಮಾಡಿದಿರಿ ಅನ್ನುವ ಭಾಗವೇ ಮೊದಲು ಬರಲಿ. ‘ಇನ್ನಷ್ಟು’ ಒತ್ತುವ ಮೊದಲು ಕಾಣುವುದು ಮೂರ್ನಾಲ್ಕು ಸಾಲು ಮಾತ್ರ. ಹಾಗಂತ ಪಿಎಫ್, ಇಎಸ್‌ಐ, ಸಾಫ್ಟ್‌ವೇರ್ ಹೆಸರುಗಳನ್ನು ಪೂರ್ತಿ ತೆಗೆಯಬೇಡಿ. ರಿಕ್ರೂಟರ್‌ಗಳು ಹುಡುಕುವುದು ಆ ಪದಗಳಿಂದಲೇ. ಕೊನೆಗೆ ಒಂದು ಸಾಲಿನಲ್ಲಿ ಇಡಿ. ಅಂಕಿ ಹಾಕುವ ಮೊದಲು, ಅದು ಕಂಪನಿಯ ಹೊರಗೆ ಹೇಳಬಹುದಾದದ್ದಾ ಅಂತ ನೋಡಿಕೊಳ್ಳಿ.