ಗೆರೆಗಳು ಹತ್ತಿರ ಬಂದವು ಅಂತ ಶೇರು ಕೊಂಡ ದಿನ

ಮಂಡ್ಯದ ನಮ್ಮ ಅಂಗಡಿ ಬಾಗಿಲು ಹಾಕಿದ ಮೇಲೆ, ರಾತ್ರಿ ಊಟಕ್ಕೆ ಮೊದಲು ಅರ್ಧ ಗಂಟೆ ನಾನು ಚಾರ್ಟ್ ನೋಡುತ್ತೇನೆ. ಬೆಳಿಗ್ಗೆ ಗಿರಾಕಿಗಳ ನಡುವೆ ನೋಡಿದರೆ ತಲೆ ನಿಲ್ಲುವುದಿಲ್ಲ, ಅಲ್ಲದೆ ನನಗೆ ಬೇಕಾಗಿರುವುದು ದಿನದ ಕ್ಲೋಸಿಂಗ್ ಬೆಲೆ ಮಾತ್ರ. ಕೆಲವು ವರ್ಷಗಳಿಂದ ಬೊಲಿಂಜರ್ ಬ್ಯಾಂಡ್ ಹಾಕಿಕೊಂಡೇ ನೋಡುತ್ತಿದ್ದೇನೆ. ನಡುವೆ 20 ದಿನದ ಮೂವಿಂಗ್ ಆವರೇಜ್, ಅದರ ಮೇಲೊಂದು ಗೆರೆ, ಕೆಳಗೊಂದು ಗೆರೆ. ಆ ಇಪ್ಪತ್ತು ಕ್ಲೋಸಿಂಗ್‌ಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್, ತೆಗೆದು ಅದರ ಎರಡರಷ್ಟು ದೂರದಲ್ಲಿ ಆ ಗೆರೆಗಳು ಕೂರುತ್ತವೆ. ಇವನ್ನು 1980ರ ದಶಕದಲ್ಲಿ ರೂಪಿಸಿದವರು ಜಾನ್ ಬೊಲಿಂಜರ್. ಎರಡೂ ಗೆರೆ ಒಂದಕ್ಕೊಂದು ತೀರಾ ಹತ್ತಿರ ಬಂದರೆ ಅದೇ ಸ್ಕ್ವೀಝ್, ಅದಾದ ಮೇಲೆ ಬೆಲೆ ಜೋರಾಗಿ ಅಲ್ಲಾಡುತ್ತದೆ ಅನ್ನುವುದು ಅದನ್ನು ನೋಡುವವರ ಲೆಕ್ಕ.

ಹತ್ತಿರ ಅಂದರೆ ಎಷ್ಟು ಅಂತ ಕಣ್ಣಳತೆಯಲ್ಲಿ ಹೇಳಬಾರದು. ಚಾರ್ಟನ್ನು ಹಿಗ್ಗಿಸಿದರೆ ಗೆರೆ ದೂರ ಕಾಣುತ್ತವೆ, ಕುಗ್ಗಿಸಿದರೆ ಹತ್ತಿರ ಕಾಣುತ್ತವೆ. ಮೇಲಿನ ಗೆರೆಯಿಂದ ಕೆಳಗಿನದನ್ನು ಕಳೆದು ನಡುಗೆರೆಯಿಂದ ಭಾಗಿಸಿದರೆ ಬ್ಯಾಂಡ್‌ವಿಡ್ತ್ ಸಿಗುತ್ತದೆ. ಕ್ಲೋಸಿಂಗ್ ಬೆಲೆಗಳು E ಕಾಲಮ್ಮಿನಲ್ಲಿದ್ದರೆ ನಾನು ಹಾಕುವ ಸೂತ್ರ ಇಷ್ಟೇ:

```
=4*STDEV.P(E2:E21)/AVERAGE(E2:E21)
```

ಈ ಅಂಕಿ ಹೆಚ್ಚುಕಡಿಮೆ ಆರು ತಿಂಗಳಲ್ಲಿ, ಅಂದರೆ 125 ವಹಿವಾಟಿನ ದಿನಗಳಲ್ಲಿ, ಅತಿ ಕಡಿಮೆಗೆ ಬಂದಾಗ ಸ್ಕ್ವೀಝ್ ಅಂತ ಬರೆದುಕೊಳ್ಳುತ್ತೇನೆ.

ಹಾಗೆ ಬರೆದುಕೊಂಡು ಕೈ ಸುಟ್ಟುಕೊಂಡ ಒಂದು ಸಲದ ಕಥೆ ಹೇಳಬೇಕು. ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿದ್ದೇನೆ. ಒಂದು ಕಂಪನಿಯ ಶೇರು 380 ರೂಪಾಯಿಯ ಆಸುಪಾಸು ಇತ್ತು. ತ್ರೈಮಾಸಿಕ ಫಲಿತಾಂಶ ಬಂದ ದಿನ ಒಂದೇ ನೆಗೆತಕ್ಕೆ 410 ಆಯಿತು. ಅಲ್ಲಿಂದ ಮುಂದೆ ಅಲ್ಲೇ ಓಡಾಡಿಕೊಂಡಿತ್ತು, ಒಂದು ದಿನ 406, ಇನ್ನೊಂದು ದಿನ 414. ನಾಲ್ಕು ವಾರ ಕಳೆದ ಮೇಲೆ ನೋಡಿದರೆ ಬ್ಯಾಂಡ್‌ವಿಡ್ತ್ ಸರಸರನೆ ಇಳಿಯುತ್ತಿದೆ: ಮೊದಲ ದಿನ ಶೇ. 9.6, ಮಾರನೆಯ ದಿನ 7.5, ಅದರ ಮಾರನೆಯ ದಿನ 3.9. ಆರು ತಿಂಗಳಲ್ಲೇ ಕಡಿಮೆ. ಮೇಲಿನ ಗೆರೆ 418ರಲ್ಲಿ, ಕೆಳಗಿನದು 402ರಲ್ಲಿ. ಮರುದಿನ ಶೇರು 421ಕ್ಕೆ ಕ್ಲೋಸ್ ಆಯಿತು. ಅಂದಿನ ಬೆಲೆಯೂ ಸೇರಿ ಮೇಲಿನ ಗೆರೆ 420ರ ಹತ್ತಿರ ಬಂದಿದ್ದರೂ ಬೆಲೆ ಅದನ್ನು ದಾಟಿತ್ತು. ಇದಕ್ಕೇ ಕಾಯುತ್ತಿದ್ದೆ ಅಂದುಕೊಂಡು ಮಾರನೆಯ ಬೆಳಿಗ್ಗೆ 422ಕ್ಕೆ 100 ಶೇರು ಕೊಂಡೆ. ಎರಡೇ ದಿನದಲ್ಲಿ 409ಕ್ಕೆ ಕ್ಲೋಸ್ ಆಗಿ ನಡುಗೆರೆಯ ಕೆಳಗೆ ಹೋಯಿತು. ನಡುಗೆರೆಯೇ ನನ್ನ ಸ್ಟಾಪ್‌ಲಾಸ್ ಆಗಿದ್ದರಿಂದ ಮರುದಿನ 408ಕ್ಕೆ ಮಾರಿದೆ. 1,400 ರೂಪಾಯಿ ಹೋಯಿತು, ಮೇಲೆ ಬ್ರೋಕರೇಜ್ ಬೇರೆ.

ದುಡ್ಡಿಗಿಂತ ಹೆಚ್ಚು ಕಾಡಿದ್ದು ಆ ಇಳಿತ. ಬೆಲೆ ಎರಡು ದಿನದಲ್ಲಿ ಹೆಚ್ಚೇನೂ ಅಲ್ಲಾಡಿರಲಿಲ್ಲ, ಬ್ಯಾಂಡ್‌ವಿಡ್ತ್ ಮಾತ್ರ ಅರ್ಧಕ್ಕಿಂತ ಕೆಳಗೆ ಹೇಗೆ ಬಿತ್ತು? ಭಾನುವಾರ ಕೂತು ಇಪ್ಪತ್ತು ಬೆಲೆಗಳನ್ನೂ ಹಾಳೆಯ ಮೇಲೆ ಬರೆದೆ. ಶೇ. 9.6 ಇದ್ದ ದಿನ ಆ ಇಪ್ಪತ್ತರಲ್ಲಿ ಎರಡು ಬೆಲೆ ನೆಗೆತಕ್ಕೆ ಮುಂಚಿನ 380. ಮಾರನೆಯ ದಿನ ಹೊಸ ಬೆಲೆ ಒಂದು ಸೇರಿ ಹಳೆಯ 380 ಒಂದು ಹೊರಬಿತ್ತು, 7.5 ಆಯಿತು. ಉಳಿದ ಒಂದು 380 ಕೂಡ ಹೊರಬಿದ್ದಾಗ 3.9. ಶೇರು ಅಂದು ಹೊಸದಾಗಿ ಶಾಂತವಾಗಿರಲಿಲ್ಲ, ನಾಲ್ಕು ವಾರದಿಂದಲೂ ಹಾಗೇ ಇತ್ತು. ಹಳೆಯ ಎರಡು ಅಂಕಿ ಲೆಕ್ಕದಿಂದ ಕಳಚಿಕೊಂಡದ್ದನ್ನು ನಾನು ಮಾರುಕಟ್ಟೆಯ ಸುದ್ದಿ ಅಂತ ಓದಿದ್ದೆ.

ಸ್ಟ್ಯಾಂಡರ್ಡ್ ಡೀವಿಯೇಷನ್ ತೆಗೆಯುವಾಗ ಸರಾಸರಿಯಿಂದ ಇರುವ ದೂರವನ್ನು ವರ್ಗ ಮಾಡುತ್ತಾರೆ. ಆದ್ದರಿಂದ ದೂರ ನಿಂತ ಒಂದು ಬೆಲೆ ಹತ್ತಾರು ಬೆಲೆಗಳಷ್ಟು ತೂಗುತ್ತದೆ. ಮೇಲಿನ ಲೆಕ್ಕದಲ್ಲಿ ಒಂಟಿ 380 ಇದ್ದ ದಿನ, ಒಟ್ಟು ಚದುರುವಿಕೆಯಲ್ಲಿ ಮುಕ್ಕಾಲು ಪಾಲಿಗೆ ಕಾರಣ ಅದೊಂದೇ ಬೆಲೆ.

ವರ್ಗ ಮಾಡುವಾಗ ಇನ್ನೊಂದೂ ಆಗುತ್ತದೆ. ಮೈನಸ್ ಚಿಹ್ನೆ ಅಳಿಸಿಹೋಗುತ್ತದೆ. ಸರಾಸರಿಗಿಂತ ನಾಲ್ಕು ಮೇಲಿದ್ದರೂ ಹದಿನಾರು, ನಾಲ್ಕು ಕೆಳಗಿದ್ದರೂ ಹದಿನಾರು. ಏರಿತೋ ಇಳಿಯಿತೋ ಅನ್ನುವುದನ್ನು ಅಳಿಸಿದ ಮೇಲೆ ಬಂದ ಅಂಕಿಯಿಂದ ಮುಂದೆ ಏರುತ್ತದೋ ಇಳಿಯುತ್ತದೋ ಅಂತ ಕೇಳಿದರೆ ಉತ್ತರ ಎಲ್ಲಿಂದ ಬರಬೇಕು? ಬೆಲ್ಲದ ವ್ಯಾಪಾರದಲ್ಲಿ ತಲೆ ನರೆತ ನಮ್ಮ ಚಿಕ್ಕಪ್ಪನಿಗೆ ಈ ಸೂತ್ರ ಗೊತ್ತಿಲ್ಲ. ಆದರೆ ಮೂರು ವಾರ ಧಾರಣೆ ಒಂದೇ ಕಡೆ ನಿಂತಾಗ ಅವರು ಅನ್ನುವುದು ಇದನ್ನೇ: "ನಿಂತದ್ದು ಅಲ್ಲಾಡ್ತದೆ ಕಣಪ್ಪ, ಎತ್ಲಾಗೆ ಅಂತ ಮಾತ್ರ ನನ್ನ ಕೇಳಬ್ಯಾಡ." ಏರಿಳಿತ ಕಡಿಮೆಯಾದ ಕಾಲ ಮುಗಿದ ಮೇಲೆ ಏರಿಳಿತ ಹೆಚ್ಚಾದ ಕಾಲ ಬರುವುದು ಮಾರುಕಟ್ಟೆಯಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ, ಸ್ಕ್ವೀಝ್ ನಿಂತಿರುವುದು ಅದರ ಮೇಲೆ. ಮೊದಲ ಜಿಗಿತ ಒಂದು ಕಡೆಗೆ ಆಗಿ ನಿಜವಾದ ನಡೆ ಇನ್ನೊಂದು ಕಡೆಗೆ ಆಗಬಹುದು ಅಂತ ಬೊಲಿಂಜರ್ ಅವರೇ ಎಚ್ಚರಿಸಿದ್ದಾರೆ. ಅದನ್ನು ಹೆಡ್ ಫೇಕ್ ಅನ್ನುತ್ತಾರೆ. ನನ್ನ ಆ ಶೇರು ಮುಂದಿನ ವಾರ 398ಕ್ಕೆ ಇಳಿದು ಕೆಳಗಿನ ಗೆರೆಯನ್ನು ದಾಟಿತು.

ಈಗ ಬ್ಯಾಂಡ್‌ವಿಡ್ತ್ ಕಡಿಮೆಯಾದ ತಕ್ಷಣ ಎರಡು ವಿಷಯ ನೋಡುತ್ತೇನೆ. ಮೊದಲನೆಯದು, ಈ ಎರಡು ಮೂರು ದಿನದಲ್ಲಿ ಇಪ್ಪತ್ತರ ಲೆಕ್ಕದಿಂದ ಹೊರಬಿದ್ದ ಬೆಲೆ ಯಾವುದು, ಅದು ಉಳಿದವುಗಳಿಂದ ತುಂಬಾ ದೂರ ಇತ್ತೋ. ಎರಡನೆಯದು, ದಿನದ ಗರಿಷ್ಠ ಮತ್ತು ಕನಿಷ್ಠ ಬೆಲೆಗಳ ಅಂತರ. ಶೇರು ನಿಜವಾಗಿ ತಣ್ಣಗಾಗುತ್ತಿದ್ದರೆ ಆ ಅಂತರವೂ ವಾರದಿಂದ ವಾರಕ್ಕೆ ಕುಗ್ಗುತ್ತಾ ಬರಬೇಕು, ಒಂಬತ್ತು ರೂಪಾಯಿ ಇದ್ದದ್ದು ಐದಕ್ಕೆ ಇಳಿಯಬೇಕು. ನನ್ನ ಶೇರಿನಲ್ಲಿ ಅದು ನಾಲ್ಕೂ ವಾರ ಎಂಟು, ಒಂಬತ್ತು ರೂಪಾಯಿಯಲ್ಲೇ ಇತ್ತು. ಆಗಲೇ ಈ ಅಂತರದ ಕಾಲಮ್ಮನ್ನೂ ಬರೆದಿದ್ದರೆ ಕಣ್ಣಿಗೆ ಬೀಳುತ್ತಿತ್ತು.

ಎರಡೂ ಸರಿ ಇದ್ದರೂ ದಿಕ್ಕಿನ ಮಾತು ಬಾಕಿಯೇ ಇರುತ್ತದೆ. ಹಾಗಾಗಿ ಗೆರೆಯ ಹೊರಗೆ ಒಂದು ಕ್ಲೋಸಿಂಗ್ ಆದರೆ ಸಾಲದು, ಎರಡನೆಯದಕ್ಕೂ ಕಾಯುತ್ತೇನೆ, ಕೊಂಡರೂ ಮೊದಲಿನ ಅರ್ಧದಷ್ಟೇ. ಕಾಯುವುದಕ್ಕೆ ಬೆಲೆ ಇದೆ. ಒಳ್ಳೆಯ ನಡೆಯಲ್ಲಿ ಮೊದಲ ಹತ್ತು ರೂಪಾಯಿ ಕೈತಪ್ಪುತ್ತದೆ, ಅದನ್ನು ಒಪ್ಪಿಕೊಂಡಿದ್ದೇನೆ.

ಯಾವಾಗ ಅನ್ನುವುದನ್ನೂ ಸ್ಕ್ವೀಝ್ ಹೇಳುವುದಿಲ್ಲ. ಒಂದು ಕಂಪನಿಯನ್ನು ಇನ್ನೊಬ್ಬರು ಕೊಳ್ಳಲು ಓಪನ್ ಆಫರ್ ಕೊಟ್ಟಾಗ ಶೇರು ಎಷ್ಟೋ ಸಲ ಆ ಆಫರ್ ಬೆಲೆಗೆ ಅಂಟಿಕೊಂಡು ವಾರಗಟ್ಟಲೆ ನಿಲ್ಲುತ್ತದೆ. ಗೆರೆಗಳು ದಾರದಷ್ಟು ಹತ್ತಿರ ಬರುತ್ತವೆ. ಅಲ್ಲಿ ಸಿಡಿಯುವುದಕ್ಕೆ ಏನೂ ಇಲ್ಲ.

ಹೋದ ವಾರ ಚಿಕ್ಕಪ್ಪನ ಮಗ ಮೊಬೈಲ್ ಹಿಡಿದುಕೊಂಡು ಅಂಗಡಿಗೆ ಬಂದ. "ಅಣ್ಣ, ಇದ್ರಲ್ಲಿ ಸ್ಕ್ವೀಝ್ ಆಗೈತೆ, ತಗಳದಾ?" ಚಾರ್ಟನ್ನು ಹಿಂದಕ್ಕೆ ಸರಿಸಿ ದಿನ ಎಣಿಸಿದೆವು. ಇಪ್ಪತ್ತೆರಡು ದಿನದ ಹಿಂದೆ ದೊಡ್ಡದೊಂದು ನೆಗೆತ. "ಗರಿಷ್ಠ, ಕನಿಷ್ಠ ಎರಡೂ ಬರ್ಕೊಂಡಿದ್ದೀಯಾ?" ಅಂದೆ. ಬರೆದಿರಲಿಲ್ಲ. ಗಲ್ಲಾಪೆಟ್ಟಿಗೆ ಪಕ್ಕದ ಬಿಲ್ ಪುಸ್ತಕದ ಹಿಂಬದಿಯಲ್ಲೇ ಕೂತು ಅವನು ಗೆರೆ ಎಳೆದ.